ಅವರ ಕಡೆಯ ತಗ್ಗು

ಇವರು ಹೋದ ಮೇಲೆ ನಾನು ನಮ್ಮ ಕೋಣೆಯ ಮಂಚದ ಮೇಲೆ ಮಲಗುವುದನ್ನು ಬಿಟ್ಟೆ. ಹಾಲ್‌ನಲ್ಲಿದ್ದ ದಿವಾನೇ ನನ್ನ ಹಾಸಿಗೆಯಾಯಿತು. ಕೇಳಿದವರಿಗೆ, ಅಲ್ಲಿ ಗಾಳಿ ಚೆನ್ನಾಗಿ ಆಡುತ್ತದೆ ಎನ್ನುತ್ತಿದ್ದೆ. ನಿಜ ಬೇರೆಯಿತ್ತು. ಮಂಚದ ಹಾಸಿಗೆಯಲ್ಲಿ ಅವರು ಮಲಗುತ್ತಿದ್ದ ಕಡೆ ಒಂದು ತಗ್ಗು ಬಿದ್ದಿತ್ತು. ನಾನು ನನ್ನ ಕಡೆ ಮಲಗಿ ಕಣ್ಣು ಮುಚ್ಚಿದರೆ ಸಾಕು, ಮೈ ಮೆಲ್ಲಗೆ ಆ ಕಡೆ ಜಾರುತ್ತಿತ್ತು. ಅವರಿದ್ದಾಗಲೂ ಜಾರುತ್ತಿತ್ತು. ಆಗ ಒಂದು ಬೆನ್ನು ತಡೆಯುತ್ತಿತ್ತು. ಈಗ ತಗ್ಗಿನ ತಳದವರೆಗೂ ಹೋಗಿ ಎಚ್ಚರವಾಗುತ್ತಿತ್ತು.

ಮನೆಯಲ್ಲಿ ಉಳಿದವರು ನಾನು ಮತ್ತು ನನ್ನ ನಾದಿನಿ, ಇವರ ತಂಗಿ. ಮದುವೆ ಬೇಡವೆಂದು ಕುಳಿತವಳು. ನಾನು ಈ ಜಯನಗರದ ಮನೆಗೆ ಸೊಸೆಯಾಗಿ ಬಂದಾಗ ಇನ್ನೂ ಎರಡು ಜಡೆ ಹಾಕುತ್ತಿದ್ದಳು. ಈಗ ಅವಳಿಗೂ ಮಂಡಿನೋವು. ಅಡುಗೆಮನೆ, ಗ್ಯಾಸ್, ಪ್ಲಂಬರ್, ತರಕಾರಿ ಗಾಡಿಯವನ ಜೊತೆ ಜಗಳ, ಎಲ್ಲ ಅವಳದು. ಇಂಗ್ಲಿಷ್ ಕಾಗದ ಮಾತ್ರ ನನ್ನದು. ಕಾನ್ವೆಂಟಿನಲ್ಲಿ ಓದಿದವಳು ಎಂಬ ಒಂದೇ ಕಾರಣಕ್ಕೆ ಈ ಮನೆಯಲ್ಲಿ ಮೊದಲ ದಿನದಿಂದಲೂ ಆ ಖಾತೆ ನನಗೆ ಸಿಕ್ಕಿಬಿಟ್ಟಿತ್ತು.

ದಿವಾನು ಗಿಡ್ಡ. ಕಾಲು ಮಡಚಿ ಮಲಗಿ ನನ್ನ ಸೊಂಟ ಹಿಡಿದುಕೊಂಡಿತು. ಬೆಳಿಗ್ಗೆ ಗೋಡೆ ಹಿಡಿದು ಏಳುವುದನ್ನು ನಾದಿನಿ ಒಂದಷ್ಟು ದಿನ ನೋಡಿದಳು. ಆಮೇಲೆ ಅವಳ ಬಾಯಿ ಸುಮ್ಮನಿರಲಿಲ್ಲ.

"ಅಣ್ಣನ ಕಡೆ ಹೋಗಿ ಮಲಗಿ ಅತ್ತಿಗೆ. ಅಲ್ಲೇ ತಗ್ಗಿದೆ ಅಂದ್ರೆ ಅಲ್ಲೇ ಮಲಗಿದ್ರೆ ಆಯ್ತಪ್ಪ, ಎಲ್ಲಿಗೆ ಜಾರ್ತೀರ?"

"ಅದು ಅವರ ಜಾಗ ಕಣೇ. ನನ್ನದು ಕಿಟಕಿ ಕಡೆ."

"ಜಾಗಕ್ಕೇನು ರಿಜಿಸ್ಟ್ರೇಷನ್ ಆಗಿದ್ಯಾ?"

ಆಗಿರಲಿಲ್ಲ. ಆದರೂ ಮದುವೆಯಾದಾಗಿನಿಂದ ಕಿಟಕಿ ನನ್ನದು, ಬಾಗಿಲು ಅವರದು. ಅವರ ಕಡೆ ಹೋಗಿ ಮಲಗುವುದೆಂದರೆ ಅವರನ್ನು ಆಚೆ ಸರಿಸಿದ ಹಾಗೆ. ಇದನ್ನು ಅವಳಿಗೆ ಹೇಗೆ ಹೇಳುವುದೆಂದು ಗೊತ್ತಾಗದೆ ದಿವಾನಿನ ಹೊದಿಕೆ ಮಡಚಿಟ್ಟೆ.

ಒಂದು ದಿನ ತಿಂಡಿಯಾದ ಮೇಲೆ ಅವಳು ಬೀರುವಿನಿಂದ ಒಂದು ಕಾರ್ಡು ತಂದು ನನ್ನ ಕಾಫಿ ಲೋಟದ ಪಕ್ಕ ಇಟ್ಟಳು. ನಾಲ್ಕು ಮಡಿಕೆಯದು, ಹೊಳೆಯುವ ಕಾಗದ. ಅದಕ್ಕೆ ಅಂಗಡಿಯ ಬಿಲ್ಲನ್ನು ಇವರೇ ಪಿನ್ ಮಾಡಿ ಇಟ್ಟಿದ್ದರು. ಹಾಸಿಗೆಯ ವಾರಂಟಿ ಕಾರ್ಡು.

"ಓದಿ ಹೇಳಿ. ತಗೊಂಡಾಗ ಹತ್ತು ವರ್ಷ ಗ್ಯಾರಂಟಿ ಅಂತ ಮನೆಗೆ ಬಂದೋರಿಗೆಲ್ಲ ಹೇಳ್ತಿದ್ದ ಅಣ್ಣ. ಇನ್ನೂ ಅರ್ಧನೂ ಆಗಿಲ್ಲ, ಗುಂಡಿ ಬಿದ್ದಿದೆ. ಕಂಪನಿಯೋರು ಹೊಸದು ಕೊಡ್ಲಿ."

"ಗ್ಯಾರಂಟಿ ಅಲ್ಲ, ವಾರಂಟಿ."

"ನಿಮ್ಮ ಕಾನ್ವೆಂಟು ಆಮೇಲೆ ಇಟ್ಕೊಳ್ಳಿ. ಮೊದಲು ಓದಿ. ಯಾವಾಗಲೂ ಬರೀತೀರಲ್ಲ, ಮೂರು ಭಾಗ, ಹಾಗೆ ಬರ್ಕೊಡಿ. ನಾನು ಫೋನ್ ಮಾಡ್ತೀನಿ."

ಮೂರು ಭಾಗ ನನ್ನ ಹಳೆಯ ಅಭ್ಯಾಸ. ಶಾಲೆಯಲ್ಲಿ ಒಬ್ಬ ಸಿಸ್ಟರ್ ನಮಗೆ ಪ್ರೆಸಿ ಬರೆಯುವುದನ್ನು ಕಲಿಸಿದ್ದರು. ಒಂದು ಪುಟದ ಮಾತನ್ನು ಮೂರನೇ ಒಂದು ಪಾಲಿಗೆ ಇಳಿಸಬೇಕು, ಆದರೆ ಬರೆದವನು ಹೇಳಿದ್ದರಲ್ಲಿ ಏನೂ ಬಿಡಬಾರದು, ನಮ್ಮದೇನೂ ಸೇರಿಸಬಾರದು. ಆ ವಿದ್ಯೆ ನನಗೆ ಜೀವನದಲ್ಲಿ ಉಪಯೋಗಕ್ಕೆ ಬಂದದ್ದು ಗೀಸರು, ಮಿಕ್ಸಿ, ಫ್ರಿಜ್ಜುಗಳ ಕಾರ್ಡು ಓದಲು. ಅಕ್ಕಪಕ್ಕದವರು ತರುತ್ತಿದ್ದರು. ಹಳೇ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಎರಡು ಗೆರೆ ಎಳೆದು ಮೂರು ಮನೆ ಮಾಡುತ್ತಿದ್ದೆ. ಏನಕ್ಕೆ ಸಿಗುತ್ತದೆ, ಏನು ಮಾಡಿದರೆ ಕೈತಪ್ಪುತ್ತದೆ, ಕೇಳುವುದು ಹೇಗೆ. ಕಾರ್ಡಿನಲ್ಲಿ ಈ ಮೂರೂ ಕಲಸಿಹೋಗಿರುತ್ತವೆ. ಮೊದಲ ಸಾಲಿನಲ್ಲಿ ದೊಡ್ಡ ಅಕ್ಷರದಲ್ಲಿ ಕೊಟ್ಟದ್ದನ್ನು ಕೊನೆಯ ಪ್ಯಾರಾದಲ್ಲಿ ಸಣ್ಣ ಅಕ್ಷರದಲ್ಲಿ, 'ಪ್ರೊವೈಡೆಡ್ ದಟ್' ಎಂದು ಹೇಳಿ ಹಿಂದಕ್ಕೆ ತೆಗೆದುಕೊಂಡಿರುತ್ತಾರೆ. ಜನ ಮೊದಲ ಸಾಲು ಓದಿ ಅಂಗಡಿಗೆ ಓಡುತ್ತಾರೆ. ನಡುವಿನ ಮನೆಯನ್ನು ಮೊದಲು ಓದಿ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ.

ಕನ್ನಡಕ ಒರೆಸಿಕೊಂಡು ಕುಳಿತೆ.

ಮೊದಲನೆಯದು ಸಲೀಸಾಗಿತ್ತು. ತಯಾರಿಕೆಯ ದೋಷಕ್ಕೆ ಮಾತ್ರ ವಾರಂಟಿ. ಹಾಸಿಗೆ ಕುಸಿದಿದ್ದರೆ, ಮೇಲೆ ಯಾರೂ ಇಲ್ಲದಿರುವಾಗ ಅಳೆದು, ಆ ತಗ್ಗು ಒಂದು ಇಂಚಿಗಿಂತ ಹೆಚ್ಚಿದ್ದರೆ ಅದು ದೋಷ. ಅದಕ್ಕಿಂತ ಕಡಿಮೆ ಇದ್ದರೆ ಅದು 'ನಾರ್ಮಲ್ ಬಾಡಿ ಇಂಪ್ರೆಶನ್', ಮೈಯ ಅಚ್ಚು. ಬಳಸಿದ ಹಾಸಿಗೆಗೆ ಸಹಜ, ಅದಕ್ಕೆ ಏನೂ ಸಿಗುವುದಿಲ್ಲ. ಮೇಲಿನ ಬಟ್ಟೆ ಸವೆದರೆ, ಮೆತ್ತಗಾಯಿತು, ಗಟ್ಟಿಯಾಯಿತು ಎಂದು ಅನಿಸಿದರೆ ಸಿಗುವುದಿಲ್ಲ. ಮೊದಲ ಕೆಲವು ವರ್ಷ ಪೂರ್ತಿ ಬದಲಿ, ಆಮೇಲೆ ವರ್ಷ ಕಳೆದ ಹಾಗೆ ನಮ್ಮ ಪಾಲೂ ಕಟ್ಟಬೇಕು. ನಮ್ಮದು ಇನ್ನೂ ಪೂರ್ತಿ ಬದಲಿಯ ವರ್ಷಗಳಲ್ಲೇ ಇತ್ತು.

ಮೂರನೆಯದನ್ನೂ ಬರೆದೆ. ಬಿಲ್ಲು, ಅಂಗಡಿಯ ಸೀಲಿರುವ ಕಾರ್ಡು, ಹಾಸಿಗೆಯ ಬದಿಗೆ ಹೊಲಿದಿರುವ ಲೇಬಲ್ಲಿನ ಫೋಟೊ. ಬೆಡ್‌ಶೀಟ್ ತೆಗೆದು ಇಡೀ ಹಾಸಿಗೆಯ ಫೋಟೊ. ತಗ್ಗಿನ ಮೇಲೆ ಈ ಅಂಚಿನಿಂದ ಆ ಅಂಚಿಗೆ ದಾರ ಬಿಗಿದು, ಸ್ಕೇಲ್ ಇಟ್ಟು ಇನ್ನೊಂದು ಫೋಟೊ. ಇದನ್ನೆಲ್ಲ ಕಳಿಸಿದ ಮೇಲೆ ಒಬ್ಬರು ಮನೆಗೆ ಬಂದು ಪರೀಕ್ಷೆ ಮಾಡುತ್ತಾರೆ. ಕಂಪನಿ ಒಪ್ಪಿದರೆ ಅದೇ ನಮೂನೆಯದೋ ಅದಕ್ಕೆ ಸಮನಾದದ್ದೋ ಹೊಸದು ಬರುತ್ತದೆ. ವಾರಂಟಿ ಮಾತ್ರ ಹೊಸದಲ್ಲ, ಹಳೆಯ ತಾರೀಖಿನಿಂದಲೇ ಲೆಕ್ಕ. ಮತ್ತು ಹಳೆಯ ಹಾಸಿಗೆಯನ್ನು ಅವರು ತೆಗೆದುಕೊಂಡು ಹೋಗುತ್ತಾರೆ.

ಆ ಕೊನೆಯ ಸಾಲನ್ನು ಬರೆದು ಪೆನ್ನು ಕೆಳಗಿಟ್ಟೆ. ಟೆಂಪೋದಲ್ಲಿ ಹಾಕಿಕೊಂಡು ಹೋಗುವುದನ್ನು ಮನಸ್ಸಿನಲ್ಲೇ ಕಂಡೆ. ಅವರ ಬಟ್ಟೆಗಳನ್ನು ಕೊಟ್ಟಾಗ, ಚಪ್ಪಲಿ ಕೊಟ್ಟಾಗ ನನಗೆ ಇಷ್ಟು ಕಷ್ಟವಾಗಿರಲಿಲ್ಲ. ಅವು ಅವರು ಹಾಕಿಕೊಳ್ಳುತ್ತಿದ್ದ ವಸ್ತುಗಳು. ಇದು ಅವರ ಅಳತೆ. ಭುಜ ಎಲ್ಲಿ, ಸೊಂಟ ಎಲ್ಲಿ ಎಂದು ಕೈಯಾಡಿಸಿದರೆ ಗೊತ್ತಾಗುತ್ತಿತ್ತು. ಮಧ್ಯಾಹ್ನ ನಾದಿನಿ ಮಲಗಿದಾಗ ನಾನು ಕೋಣೆಗೆ ಹೋಗಿ ಮಂಚದ ಅಂಚಿನಲ್ಲಿ ಕೂತು ಕೈಯಾಡಿಸಿ ಬರುತ್ತಿದ್ದೆ. ಅದರಲ್ಲಿ ಮಲಗಲಾರೆ, ಅದು ಹೋಗುವುದನ್ನು ಸಹಿಸಲಾರೆ ಅಂತಲೂ ಹೇಳಲಾರೆ. ಸೊಂಟ ಹಿಡಿದುಕೊಂಡು ಓಡಾಡುವವಳು, ಹೊಸ ಹಾಸಿಗೆ ಬೇಡ ಎಂದರೆ ಏನೆಂದುಕೊಂಡಾರು?

ಇನ್ನು ಉಳಿದಿದ್ದು ನಡುವಿನ ಮನೆ.

ಗಟ್ಟಿಯಾದ, ಸಮತಟ್ಟಾದ ತಳದ ಮೇಲೆ ಹಾಕದಿದ್ದರೆ ವಾರಂಟಿ ಇಲ್ಲ. ಮಂಚಕ್ಕೆ ಇವರು ಪ್ಲೈವುಡ್ ಹಾಕಿಸಿದ್ದರು, ಅದು ಸರಿ. ಮಡಚಿದರೆ ಇಲ್ಲ. ಲೇಬಲ್ ಕಿತ್ತರೆ ಇಲ್ಲ. ಕೊಂಡವರಿಗೆ ಮಾತ್ರ, ಕೈ ಬದಲಾದರೆ ಇಲ್ಲ. ನೀರು ಬಿದ್ದಿದ್ದರೆ, ಬಿಸಿಲಿಗೆ ಹಾಕಿದ್ದರೆ, ಯಾವುದೇ ಕಲೆಯಿದ್ದರೆ ಪರೀಕ್ಷೆಯನ್ನೇ ನಿರಾಕರಿಸಬಹುದು.

ಈ ಸಾಲನ್ನು ಎರಡು ಸಲ ಓದಿದೆ. ನೀರು, ಬಿಸಿಲು, ಕಲೆ. ಮೂರೂ ಆಗಿದ್ದವು.

ಸೂತಕ ಕಳೆದ ದಿನ ಮನೆಯನ್ನೆಲ್ಲ ತೊಳೆದೆವು. ನಾನು ಆ ದಿನ ಒಂದು ಕುರ್ಚಿಯಲ್ಲಿ ಕೂತಿದ್ದವಳು ಎದ್ದಿರಲಿಲ್ಲ, ಮಾಡಿದ್ದೆಲ್ಲ ನಾದಿನಿ. ಪರದೆ, ಹೊದಿಕೆ, ದಿಂಬಿನ ಚೀಲ ನೆನೆಹಾಕಿದಳು. ಹಾಸಿಗೆಯನ್ನು ನೆನೆಸುವುದು ಹೇಗೆ? ಇವರು ಆಸ್ಪತ್ರೆಯಲ್ಲಿ ಹೋದರೂ ಕಾಯಿಲೆ ಅನುಭವಿಸಿದ್ದು ಆ ಹಾಸಿಗೆಯ ಮೇಲೇ. ಹಾಗೇ ಬಿಡಲು ಅವಳ ಮನಸ್ಸು ಒಪ್ಪಲಿಲ್ಲ. ಚೊಂಬಿನಲ್ಲಿ ಅರಿಶಿನದ ನೀರು ಮಾಡಿ, ಮಾವಿನೆಲೆಯಲ್ಲಿ ಅದ್ದಿ ಚಿಮುಕಿಸಿದಳು. ಅಣ್ಣನ ಕಡೆ ಬಂದಾಗ ಎಲೆ ಬಿಟ್ಟು ಕೈಯಲ್ಲೇ ಹಾಕಿದಳು. ಆಮೇಲೆ ಮೇಲಿನ ಮನೆಯ ಬಾಡಿಗೆಯವರನ್ನು ಕರೆದು ಟೆರೇಸಿಗೆ ಹೊರಿಸಿ, ಹಳೇ ಹತ್ತಿ ಹಾಸಿಗೆಗೆ ಮಾಡುತ್ತಿದ್ದ ಹಾಗೆ ದಿನವಿಡೀ ಬಿಸಿಲಿಗೆ ಹಾಕಿ, ಕೋಲಿನಲ್ಲಿ ಬಡಿದಳು. ಅವಳು ಬಡಿಯುವ ಸದ್ದು ಕೆಳಗೆ ನನಗೆ ಕೇಳುತ್ತಿತ್ತು. ಎಷ್ಟೋ ಹೊತ್ತು ಬಡಿದಳು. ಅಣ್ಣ ಹೋದಾಗ ಅವಳು ಒಂದು ತೊಟ್ಟು ಕಣ್ಣೀರು ಹಾಕಿರಲಿಲ್ಲ.

ಈಗ ಆ ಸಾಲು ನನ್ನ ಪೆನ್ನಿನ ತುದಿಯಲ್ಲಿತ್ತು. ಬರೆದರೆ ಹಾಸಿಗೆ ನನಗೆ ಉಳಿಯುತ್ತದೆ. ಕ್ಲೇಮ್ ಮಾಡುವುದೇ ಬೇಡವಾಗುತ್ತದೆ. ಆದರೆ ಓದುವವಳು ಅವಳು. ಬರೆಯದೆ ಬಿಟ್ಟರೆ ಬೇರೆ ಯಾರೋ ಬಂದು ಅವಳ ಮುಖದ ಮೇಲೇ ಹೇಳುತ್ತಾರೆ. ಏನೂ ಬಿಡಬಾರದು ಎಂದಿದ್ದ ಸಿಸ್ಟರ್ ಇಂಥ ಪ್ಯಾಸೇಜ್ ಕೊಟ್ಟಿರಲಿಲ್ಲ.

ಬರೆದೆ. ಉಳಿದ ಸಾಲುಗಳ ಅಕ್ಷರದಷ್ಟೇ ದೊಡ್ಡದಾಗಿ ಬರೆದೆ.

ಅವಳು ಹಾಳೆಯನ್ನು ನಿಂತುಕೊಂಡೇ ಓದಿದಳು. ಮೊದಲ ಮನೆ ಓದಿ ತಲೆಯಾಡಿಸಿದಳು. ನಡುವೆ ಒಂದು ಕಡೆ ಬೆರಳಿಟ್ಟು, "ಕೈ ಬದಲಾದರೆ ಇಲ್ಲ ಅಂದ್ರೆ? ಅಣ್ಣನ ಕೈಯಿಂದ ನಿಮ್ಮ ಕೈಗೆ ಬಂತಲ್ಲ, ಅದೂ ಬದಲಾದ ಹಾಗೇನಾ ಅತ್ತಿಗೆ?" ಎಂದಳು.

"ಮಾರಿದ್ರೆ, ಬೇರೆಯವರಿಗೆ ಕೊಟ್ಟರೆ ಅಂತಿರಬೇಕು. ಫೋನಲ್ಲಿ ಕೇಳೋಣ."

ಮುಂದಿನ ಸಾಲಿಗೆ ಬಂದಳು. ಬೆರಳು ಅಲ್ಲೇ ನಿಂತಿತು.

"ಹಾಗಾದ್ರೆ ನಾನೇ ಹಾಳು ಮಾಡಿದ್ನಾ?"

"ನಿರಾಕರಿಸಬಹುದು ಅಂತ ಇದೆ ಕಣೇ. ನಿರಾಕರಿಸ್ತಾರೆ ಅಂತಿಲ್ಲ. 'ಮೇ' ಅಂತ ಇದೆ."

"ನಿಮ್ಮ 'ಮೇ' ಎಲ್ಲ ನಂಗೆ ಗೊತ್ತಿಲ್ಲ. ನೀರು ಹಾಕ್ದೋಳು ನಾನು, ಬಿಸಿಲಿಗೆ ಹಾಕ್ದೋಳು ನಾನು. ಅಣ್ಣ ಹತ್ತು ವರ್ಷಕ್ಕೆ ಅಂತ ತಂದಿದ್ದು, ಅವನು ಹೋಗಿ ಹದಿನೈದು ದಿನ ಆಗೋಷ್ಟರಲ್ಲಿ ಕಳೆದೆ."

ಹಾಳೆಯನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು. ಮರುದಿನ ಕೋಣೆಯಿಂದ ಉಜ್ಜುವ ಸದ್ದು ಬಂತು. ಹೋಗಿ ನೋಡಿದರೆ ಮಂಚದ ಪಕ್ಕ ಮಂಡಿಯೂರಿ, ಬಟ್ಟೆ ಸೋಪು ಹಚ್ಚಿ ಕಲೆಯನ್ನು ತಿಕ್ಕುತ್ತಿದ್ದಾಳೆ. ಅರಿಶಿನಕ್ಕೆ ಸೋಪು ತಾಗಿದರೆ ಏನಾಗುತ್ತದೆ ಎಂಬುದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಅದೂ ಮರೆತುಹೋಗಿತ್ತು. ಹಳದಿ ಇದ್ದದ್ದು ಕೆಂಪಗೆ, ಕುಂಕುಮ ಚೆಲ್ಲಿದ ಹಾಗೆ ಆಗಿತ್ತು.

"ಸಾಕು, ಬಿಡು. ಇನ್ನೂ ನೀರು ಮಾಡಬೇಡ."

"ನೋಡಿ ಅತ್ತಿಗೆ, ಹೇಗಾಯ್ತು! ರಕ್ತದ ಹಾಗೆ."

"ಏಳು. ನಿನ್ನ ಮಂಡಿ ಹಿಡ್ಕೊಂಡ್ರೆ ನನ್ನ ಸೊಂಟಕ್ಕೆ ಎತ್ತಕ್ಕಾಗಲ್ಲ."

ಅವಳು ನಗಲಿಲ್ಲ. ಅಲ್ಲೇ ನಾನು, ಕ್ಲೇಮ್ ಬೇಡ, ಈ ಹಾಸಿಗೆ ಹೀಗೇ ಇರಲಿ, ನನಗೆ ಅದು ಬೇಕು ಎಂದು ಹೇಳಿಬಿಟ್ಟೆ. ಅವಳು ನಂಬಲಿಲ್ಲ. ಅವಳ ತಪ್ಪನ್ನು ಮುಚ್ಚಲು ನಾನು ಹೇಳುವ ಮಾತು ಎಂದುಕೊಂಡಳು. "ನನಗೋಸ್ಕರ ದಿವಾನ್ ಮೇಲೆ ಸಾಯ್ಬೇಡಿ" ಎಂದು ಫೋನ್ ಎತ್ತಿಕೊಂಡಳು.

ಕನ್ನಡಕ್ಕೆ ಯಾವುದೋ ನಂಬರ್ ಒತ್ತಿದ ಮೇಲೆ ಒಂದು ಹೆಣ್ಣು ದನಿ ಬಂತು. ಫೋನ್ ಸ್ಪೀಕರಿನಲ್ಲಿತ್ತು. ಬಿಲ್ಲಿನ ನಂಬರ್ ಕೇಳಿದಳು, ಹೆಸರು ಕೇಳಿದಳು. ನಾದಿನಿ ಅಣ್ಣನ ಹೆಸರು ಹೇಳಿದಳು.

"ಸಾರ್ ಇದಾರಾ ಮೇಡಂ? ಬಿಲ್ ಅವರ ಹೆಸರಲ್ಲಿದೆ, ಒಂದ್ಸಲ ಕನ್ಫರ್ಮ್ ಮಾಡ್ಬೇಕು."

"ಇಲ್ಲ."

"ಯಾವಾಗ ಸಿಗ್ತಾರೆ ಮೇಡಂ?"

ನಾದಿನಿ ಫೋನನ್ನು ನನ್ನ ಕಡೆ ಚಾಚಿದಳು. ನಾನು ಫೋನ್ ತೆಗೆದುಕೊಂಡು ಅವರು ತೀರಿಕೊಂಡಿದ್ದಾರೆ ಎಂದೆ. ಆ ಹುಡುಗಿ ಸಾರಿ ಮೇಡಂ ಎಂದಳು. ಒರಿಜಿನಲ್ ಬಿಲ್ ಇದ್ದರೆ ಅದೇ ಮನೆಯವರು ಕ್ಲೇಮ್ ಹಾಕಬಹುದು, ಕೈ ಬದಲಾದ ಹಾಗೆ ಲೆಕ್ಕವಲ್ಲ ಎಂದಳು. ಕಲೆಯ ಮಾತನ್ನೂ ನಾನೇ ಎತ್ತಿದೆ. ಫೋಟೊ ಕಳಿಸಿ, ಬಂದವರು ನೋಡಿ ಹೇಳುತ್ತಾರೆ ಎಂದಳು. ಎದುರು ಮನೆಯವರ ಸೊಸೆ ಬಂದು ಫೋಟೊ ತೆಗೆದು ಕಳಿಸಿಕೊಟ್ಟಳು. ಕಲೆ ಕಾಣದ ಹಾಗೆ ತೆಗೀಲಾ ಎಂದು ಕೇಳಿದಾಗ ನಾದಿನಿಯೇ ಬೇಡ ಎಂದಳು.

ಪರೀಕ್ಷೆಗೆ ಬಂದಾತ ನಡುವಯಸ್ಸಿನವನು. ಕಂಕುಳಲ್ಲಿ ಹೆಲ್ಮೆಟ್, ಕಿವಿಯಲ್ಲಿ ಫೋನ್. ಬನಶಂಕರಿಯಲ್ಲಿ ಇನ್ನೊಂದು ಮನೆ ನೋಡಬೇಕಂತೆ, ಅವಸರದಲ್ಲಿದ್ದ. ಶೀಟ್ ತೆಗೆದದ್ದೇ ಅವನ ಕಣ್ಣು ಕೆಂಪು ಕಲೆಯ ಮೇಲೆ ಬಿತ್ತು.

"ಏನ್ ಆಂಟಿ ಇದು?"

"ಅರಿಶಿನ ಕಣಪ್ಪ," ಎಂದಳು ನಾದಿನಿ. ಅವಳ ದನಿ ತುಂಬ ಸಣ್ಣದಾಗಿತ್ತು. "ನಮ್ಮಣ್ಣ ತೀರ್ಕೊಂಡ್ರು. ಶುದ್ಧಿ ಅಂತ ನಾನು ಹಾಕ್ದೆ. ಗಲೀಜಲ್ಲ."

ಅವನು ಜೇಬಿನಿಂದ ಬಿಳಿ ದಾರದ ಉಂಡೆ ತೆಗೆದು ಒಂದು ತುಂಡು ಹರಿದ. ಒಂದು ತುದಿ ನನ್ನ ಕೈಗೆ, ಇನ್ನೊಂದು ಅವಳ ಕೈಗೆ. ನಾನು ಕಿಟಕಿ ಕಡೆ, ಅವಳು ಬಾಗಿಲ ಕಡೆ. "ಅಂಚಿಗೆ ಒತ್ತಿ ಹಿಡೀರಿ, ಬಿಗಿಯಾಗಿ. ಮಂಚದ ಮೇಲೆ ಕೈ ಊರಬೇಡಿ ಆಂಟಿ." ದಾರ ನಮ್ಮಿಬ್ಬರ ನಡುವೆ ನೆಟ್ಟಗೆ ನಿಂತಿತು. ಅದರ ಕೆಳಗೆ ಇವರ ಜಾಗ. ಅವನು ಸ್ಟೀಲ್ ಸ್ಕೇಲನ್ನು ದಾರದ ಪಕ್ಕ ಇಳಿಬಿಟ್ಟ. ಅಲ್ಲಿ ಇಲ್ಲಿ ಸರಿಸಿ, ಎಲ್ಲಕ್ಕಿಂತ ಆಳ ಎಲ್ಲಿದೆಯೆಂದು ಹುಡುಕಿದ. ಆ ಜಾಗವನ್ನು ನಾನೇ ತೋರಿಸಬಹುದಿತ್ತು. ಸೊಂಟದ ಹತ್ತಿರ.

"ಹದಿನೇಳು ಮಿಲಿಮೀಟರ್," ಎಂದ. "ಆಗಲ್ಲ ಮೇಡಂ. ಒಂದು ಇಂಚು ಅಂದ್ರೆ ಇಪ್ಪತ್ತೈದು ದಾಟ್ಬೇಕು. ಇದು ನಾರ್ಮಲ್."

"ಅಷ್ಟೇನಾ?" ಎಂದಳು ನಾದಿನಿ.

"ಅಷ್ಟೇ ಆಂಟಿ."

"ಸರಿಯಾಗಿ ನೋಡಪ್ಪ. ನಮ್ಮತ್ತಿಗೆ ಅದರೊಳಗೆ ಬೀಳ್ತಾರೆ. ಅಷ್ಟು ದೊಡ್ಡ ಮನುಷ್ಯ ಮಲಗಿದ್ದ ಜಾಗ, ಅಷ್ಟೇ ಇರುತ್ತಾ?"

ಅವನು ಇನ್ನೊಂದು ಸಲ ಅಳೆದ. ಅವಳು ದಾರವನ್ನು ಬೆರಳು ಬೆಳ್ಳಗಾಗುವಷ್ಟು ಎಳೆದು ಹಿಡಿದಿದ್ದಳು. ಅಷ್ಟೇ ಬಂತು.

"ಮತ್ತೆ ಆ ಕಲೆ?"

"ಡೆಪ್ತೇ ಇಲ್ವಲ್ಲ, ಕಲೆ ಯಾಕೆ ಬರೀಲಿ? ಕಲೆ ಇಲ್ದಿದ್ರೂ ಇದು ಪಾಸ್ ಆಗ್ತಿರ್ಲಿಲ್ಲ. ಸೈನ್ ಹಾಕಿ ಮೇಡಂ."

ನಾನು ಸೈನ್ ಹಾಕಿದೆ. ನಡುವಿನ ಮನೆಗೆ ಬರುವ ಮೊದಲೇ, ಮೊದಲ ಮನೆಯಲ್ಲೇ ವಿಷಯ ಮುಗಿದುಹೋಗಿತ್ತು. ನನಗೆ ಬೇಕಾದ್ದೇ ಆಯಿತು. ಹಾಸಿಗೆ ಎಲ್ಲಿಗೂ ಹೋಗುವುದಿಲ್ಲ. ನಾದಿನಿಯ ತಪ್ಪೂ ಅಲ್ಲ. ಆದರೂ ಅವನು ಸ್ಕೇಲನ್ನು ಬ್ಯಾಗಿಗೆ ಹಾಕುವಾಗ ನಾನು ಆ ತಗ್ಗನ್ನೇ ನೋಡುತ್ತಿದ್ದೆ. ನಾನು ಅದನ್ನು ಹೊಂಡವೆಂದೇ ತಿಳಿದಿದ್ದೆ. ಕಾಯಿಲೆ ಬಂದ ಮೇಲೆ ಅವರು ದಿನದಿನಕ್ಕೂ ಎಷ್ಟು ಹಗುರಾಗುತ್ತಿದ್ದರು ಎಂಬುದನ್ನು ಅವರನ್ನು ತಿರುಗಿಸಿ ಮಲಗಿಸುತ್ತಿದ್ದ ಈ ಎರಡು ಕೈಗಳೇ ಬಲ್ಲವು. ಆದರೆ ಅವರು ಬಿಟ್ಟುಹೋದದ್ದು ಒಂದು ಇಂಚಿಗೂ ಕಡಿಮೆ ಎಂದರೆ, ರಾತ್ರಿಯೆಲ್ಲ ನಾನು ಅಷ್ಟು ದೂರ ಜಾರುತ್ತಿದ್ದದ್ದು ಎಲ್ಲಿಗೆ?

ಅವನು ಹೊರಡುವಾಗ ಬಾಗಿಲಲ್ಲಿ ನಿಂತು, ಎಲ್ಲ ಮನೆಯಲ್ಲೂ ಹೇಳುವ ಧಾಟಿಯಲ್ಲಿ ಹೇಳಿದ: "ತಿರುಗಿಸಿ ಹಾಕ್ಕೊಳ್ಳಿ ಮೇಡಂ. ತಲೆ ಕಡೆದು ಕಾಲಿಗೆ, ಕಾಲು ಕಡೆದು ತಲೆಗೆ. ಮಗುಚಬೇಡಿ, ಸುಮ್ನೆ ತಿರುಗಿಸಿ. ಇಷ್ಟರಲ್ಲೇ ಎರಡು ಮೂರು ಸಲ ಮಾಡ್ಬೇಕಿತ್ತು." ಕಾರ್ಡಿನಲ್ಲಿ ಅದೂ ಇತ್ತು, ಹಾಸಿಗೆಯ ಆರೈಕೆ ಎಂಬ ತಲೆಬರಹದ ಕೆಳಗೆ. ನನ್ನ ಮೂರು ಮನೆಗಳಲ್ಲಿ ಯಾವುದಕ್ಕೂ ಸೇರದ ಮಾತೆಂದು ನಾನು ಅದನ್ನು ಬರೆದುಕೊಂಡಿರಲಿಲ್ಲ.

ಅವನು ಹೋದ ಮೇಲೆ ನಾದಿನಿ ಮಂಚದ ಪಕ್ಕ ನೆಲದ ಮೇಲೆ ಕೂತಳು. ದಾರದ ತುಂಡು ಇನ್ನೂ ಅವಳ ಕೈಯಲ್ಲಿತ್ತು. "ಅಷ್ಟೇ ಅಂತೆ ಅತ್ತಿಗೆ, ನಮ್ಮಣ್ಣ," ಎಂದಳು. ಆಮೇಲೆ ಅಳಲು ಶುರುಮಾಡಿದಳು. ಆಸ್ಪತ್ರೆಯಲ್ಲಿ ಅಳದವಳು, ಬನಶಂಕರಿಯ ಚಿತಾಗಾರದಿಂದ ಗಂಡಸರು ವಾಪಸು ಬಂದಾಗ ಅಳದವಳು. ನಾನು ಅವಳ ಪಕ್ಕ ನೆಲದ ಮೇಲೆ ಕೂರಲಾರದೆ ಮಂಚದ ಅಂಚಿನಲ್ಲಿ ಕೂತು ತಲೆ ಸವರಿದೆ. ಕೂದಲು ಎಷ್ಟು ತೆಳ್ಳಗಾಗಿದೆ ಎಂದುಕೊಂಡೆ. ಬಹಳ ಹೊತ್ತಿನ ಮೇಲೆ ಸೆರಗಿನಲ್ಲಿ ಮೂಗೊರೆಸಿಕೊಂಡು ಎದ್ದಳು.

"ಹಿಡ್ಕೊಳ್ಳಿ ಆ ಕಡೆ. ತಿರುಗಿಸೋಣ."

"ನಮ್ಮಿಬ್ಬರ ಕೈಲಾಗುತ್ತೇನೇ?"

"ನೀವು ಇಂಗ್ಲಿಷಲ್ಲಿ ಹೇಳಿ, ನಾನು ಎಳೀತೀನಿ."

ಸ್ವಲ್ಪ ಸ್ವಲ್ಪವೇ ಎಳೆದು, ನಡುನಡುವೆ ಕೂತು, ಕೊನೆಗೂ ತಿರುಗಿಸಿದೆವು. ತಲೆಯ ಕಡೆಯದು ಕಾಲಿಗೆ ಬಂದಾಗ ಬಾಗಿಲ ಕಡೆಯದು ಕಿಟಕಿ ಕಡೆಗೆ ಬಂದಿತ್ತು. ಅವರ ಜಾಗವೇ ನನ್ನ ಜಾಗಕ್ಕೆ ಬಂದಿತ್ತು. ನಾನು ಯಾರನ್ನೂ ಸರಿಸಬೇಕಾಗಿರಲಿಲ್ಲ.

ನಾದಿನಿ ಶೀಟ್ ಹಾಸಿ, "ಮಲಗಿ ನೋಡಿ" ಎಂದಳು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಒಳಗೆ ಬಂದಿತ್ತು. ಮಲಗಿದೆ. ಸೊಂಟ ಆ ತಗ್ಗಿಗೆ ಕೂತಿತು. ಅವರ ಮೈಯ ಅಳತೆ ನನಗೆ ಸ್ವಲ್ಪ ದೊಡ್ಡದು, ಅವರ ಅಂಗಿ ಹಾಕಿಕೊಂಡ ಹಾಗೆ.

"ಜಾರುತ್ತಾ?" ಎಂದು ಕೇಳಿದಳು.

"ಇಲ್ಲ."

ಅವಳು ಫ್ಯಾನ್ ಹಾಕಿ, ಬಾಗಿಲು ಮುಂದೆ ಮಾಡಿ ಹೋದಳು. ನಾನು ಕೈ ಚಾಚಿ ಬಾಗಿಲ ಕಡೆಯ ಅರ್ಧವನ್ನು ಮುಟ್ಟಿದೆ. ಇಷ್ಟು ವರ್ಷ ನಾನು ಮಲಗಿದ್ದ ಭಾಗ ಈಗ ಅಲ್ಲಿತ್ತು. ಅಂಗೈಗೆ ಎಲ್ಲ ಕಡೆಯೂ ಸಮತಟ್ಟಾಗಿ ಸಿಕ್ಕಿತು. ಅಲ್ಲಿ ಯಾರೂ ಮಲಗಿದ್ದ ಗುರುತಿರಲಿಲ್ಲ.